ಅಪಾಯದ ಪ್ಯಾರಾ ಮತ್ತು ಕಲ್ಯಾಣದುರ್ಗದ ಸಿಸ್ಟರಮ್ಮ

ಕಲ್ಯಾಣದುರ್ಗದ ಸಿಸ್ಟರಮ್ಮನ ಕೈಬರಹವನ್ನು ಮೊದಲ ಸಲ ನೋಡಿದಾಗ ನನಗೆ ಸಮಾಧಾನವಾಗಿತ್ತು. ಗೆರೆ ಹಾಕಿದ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಅಲ್ಲಲ್ಲಿ ಒತ್ತಕ್ಷರ ತಪ್ಪಿದ ಪದಗಳು, ಎರಡು ಕಡೆ ಕನ್ನಡದ ನಡುವೆ ನುಸುಳಿದ ತೆಲುಗು ಅಕ್ಷರ. ಇಂಥವರಿಂದ ನನಗೇನೂ ಭಯವಿಲ್ಲ ಎಂದುಕೊಂಡೆ. ಅರ್ಧ ಗಂಟೆಯ ಮೇಲೆ ನಮ್ಮ ಆಸ್ಪತ್ರೆಯ ಡಾಕ್ಟರಮ್ಮ ಅದೇ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, "ಬರೆಯೋದು ಅಂದ್ರೆ ಹೀಗೆ ನೋಡಿ" ಎಂದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ಆಂಧ್ರದ ಹಿಂದೂಪುರದ ಹೊರವಲಯದ ಒಂದು ಧರ್ಮಾಸ್ಪತ್ರೆಯಲ್ಲಿ ನಾನು ರೋಗಿಗಳ ಕಡೆಯ ಕೆಲಸ ನೋಡಿಕೊಳ್ಳುತ್ತಿದ್ದೆ. ಔಷಧ ತಪ್ಪಿಸಿದವರ ಮನೆಗೆ ಹೋಗುವುದು, ಮನೆಯವರಿಗೆ ತಿಳಿಹೇಳುವುದು, ಡಾಕ್ಟರಮ್ಮನ ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ತರುವುದು. ನಾನು ನೇಕಾರರ ಮನೆಯವನು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡೇ ನನಗೆ ಕಾಗುಣಿತ ಹೇಳಿಕೊಟ್ಟವರು. ಬೀದಿಯಲ್ಲೆಲ್ಲ ತೆಲುಗು ಆಡುವ ಊರಿನಲ್ಲಿ ಕನ್ನಡ ಎಂ.ಎ. ಮಾಡಿದವನು ನಾನೊಬ್ಬನೇ ಎಂಬ ಜಂಬ ನನಗಿತ್ತು. ಆಸ್ಪತ್ರೆಯಲ್ಲಿ ಯಾರಿಗಾದರೂ ಕನ್ನಡದ ಒಂದು ಪದ ಬೇಕಾದರೆ ನನ್ನನ್ನೇ ಕೇಳಬೇಕಾಗಿತ್ತು. ಆ ಜಾಗವನ್ನು ನಾನು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಆ ವರ್ಷ ನಮ್ಮ ಆಸ್ಪತ್ರೆ ಕ್ಷಯರೋಗದ ಒಂದು ಔಷಧ ಪ್ರಯೋಗಕ್ಕೆ ಸೇರಿತ್ತು. ಆರು ತಿಂಗಳು ತಿನ್ನುವ ಮಾತ್ರೆಗಳ ಬದಲು, ಒಂದು ಹೊಸ ಮಾತ್ರೆ ಸೇರಿಸಿ ನಾಲ್ಕೇ ತಿಂಗಳಿಗೆ ಮುಗಿಸಬಹುದೇ ಎಂದು ನೋಡುವ ಪ್ರಯೋಗ. ಸೇರುವ ಪ್ರತಿಯೊಬ್ಬರೂ ಮೊದಲು ಒಪ್ಪಿಗೆ ಪತ್ರವನ್ನು ಓದಿ, ಅಥವಾ ಓದಿಸಿ ಕೇಳಿ, ಅರ್ಥ ಮಾಡಿಕೊಂಡು ಸಹಿ ಮಾಡಬೇಕು. ಹೆಬ್ಬೆಟ್ಟಿನವರಾದರೆ ಆಸ್ಪತ್ರೆಗೆ ಸೇರದ ಒಬ್ಬ ಸಾಕ್ಷಿ ಜೊತೆಗಿರಬೇಕು. ಪತ್ರ ಇಂಗ್ಲಿಷಿನಲ್ಲಿತ್ತು. ತೆಲುಗಿನದನ್ನು ಬೇರೊಬ್ಬರು ಮಾಡಿದರು, ಕನ್ನಡದ್ದು ನನ್ನ ಪಾಲಿಗೆ ಬಂತು. ನಾವು ಬರೆದದ್ದನ್ನು, ಮೂಲ ನೋಡಿರದ ಇನ್ನೊಬ್ಬರು ಮರಳಿ ಇಂಗ್ಲಿಷಿಗೆ ತರುತ್ತಾರೆ. ಎರಡನ್ನೂ ಹೋಲಿಸಿ ನೋಡಿ ಬೆಂಗಳೂರಿನ ನೈತಿಕ ಸಮಿತಿ ಒಪ್ಪಬೇಕು. ಒಪ್ಪಿದ ಮೇಲೆ ಅವರನ್ನು ಕೇಳದೆ ಒಂದು ಪದವನ್ನೂ ಬದಲಿಸುವಂತಿಲ್ಲ.

ಅದರಲ್ಲಿ ಕಷ್ಟದ ಭಾಗ 'ಅಪಾಯಗಳು' ಎಂಬ ಪ್ಯಾರಾ. ಅದನ್ನು ಎರಡು ವಾರ ಕೂತು ಬರೆದೆ. "ಯಕೃತ್ತಿನ ಮೇಲೆ ಪ್ರತಿಕೂಲ ಪರಿಣಾಮಗಳು ಅಪರೂಪವಾಗಿ ಸಂಭವಿಸುವ ಸಾಧ್ಯತೆಯಿದ್ದು, ಅತ್ಯಪರೂಪದ ಸಂದರ್ಭಗಳಲ್ಲಿ ಸ್ಥಿತಿ ವಿಷಮಿಸಬಹುದು" ಎಂಬ ವಾಕ್ಯ ನನಗೇ ಇಷ್ಟವಾಗಿ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಸಮಿತಿಗೆ ಕಳಿಸುವ ಮುಂಚೆ ನಾಲ್ಕು ಜನಕ್ಕೆ ಓದಿ ಹೇಳಿ, ಅವರ ಮಾತಿನಲ್ಲಿ ತಿರುಗಿ ಹೇಳಿಸಿ ನೋಡಿ ಎಂದರು ಡಾಕ್ಟರಮ್ಮ. ಅವರೂ ಬಂದು ಪಕ್ಕದಲ್ಲಿ ಕೂತರು. ನಮ್ಮ ಬೀದಿಯ ಒಬ್ಬ ಹಿರಿಯ ನೇಕಾರರನ್ನು ಕರೆಸಿದ್ದೆ. ಓದಿದೆ. "ಈಗ ನಿಮಗೆ ತಿಳಿದಿದ್ದನ್ನ ಹೇಳಿ, ದೊಡ್ಡಪ್ಪ" ಅಂದೆ.

"ಅಪ್ರೂಪದ್ ಮಾತ್ರೆ ಕೊಡ್ತಾರಂತೆ ಕಣಪ್ಪ. ಬೇರೆ ಕಡೆ ಸಿಕ್ಕಲ್ವೇನೋ."

"ಅದರಿಂದ ತೊಂದರೆ ಏನಾಗಬಹುದು ಅಂತ ಇದೆಯಲ್ಲ?"

"ತೊಂದ್ರೆ ಯಾಕಾಯ್ತದೆ? ಅಪ್ರೂಪದ್ದು ಅಂತ ನೀನೇ ಅಂದ್ಯಲ್ಲ."

ಡಾಕ್ಟರಮ್ಮ ನಗಲಿಲ್ಲ. ನನ್ನ ಹಾಳೆಯ ಒಂದು ಪ್ರತಿಯನ್ನು ಕಲ್ಯಾಣದುರ್ಗಕ್ಕೆ ಕಳಿಸಿಬಿಟ್ಟರು. ಅಲ್ಲಿ ನಮ್ಮ ಆಸ್ಪತ್ರೆಯ ಒಂದು ಸಣ್ಣ ಕ್ಲಿನಿಕ್ ಇತ್ತು, ಅದನ್ನು ನೋಡಿಕೊಳ್ಳುತ್ತಿದ್ದವರು ಈ ಸಿಸ್ಟರಮ್ಮ. ಹತ್ತನೇ ಕ್ಲಾಸು, ಆಮೇಲೆ ನರ್ಸ್ ತರಬೇತಿ. ಇಂಗ್ಲಿಷಿನಲ್ಲಿ ಔಷಧಿಯ ಹೆಸರು ಓದುತ್ತಿದ್ದರು, ಅಷ್ಟೇ. ಅವರು ನನ್ನ ಪ್ಯಾರಾವನ್ನು ಒಡೆದು ಸಣ್ಣ ಸಣ್ಣ ವಾಕ್ಯಗಳಾಗಿ ಬರೆದು ಕಳಿಸಿದ್ದರು. ಆ ಹಾಳೆಯೇ ನನ್ನ ಮೇಜಿಗೆ ಬಂದದ್ದು.

"ಮಾತ್ರೆ ತಿಂದಾಗ ಉಚ್ಚೆ ಕೆಂಪಗೆ ಹೋಗುತ್ತದೆ. ಅದು ಮಾತ್ರೆಯ ಬಣ್ಣ. ಕೆಲವರಿಗೆ ಈಲಿ, ಅಂದರೆ ಲಿವರ್, ಕೆಡುತ್ತದೆ. ಕಣ್ಣು ಹಳದಿ ಆಗುತ್ತದೆ. ನಾಲ್ಕು ತಿಂಗಳಿಗೆ ರೋಗ ಪೂರ್ತಿ ಹೋಗುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ. ಅದನ್ನು ತಿಳಿಯಲಿಕ್ಕೇ ಈ ಕೆಲಸ."

"'ನಮಗೆ ಗೊತ್ತಿಲ್ಲ' ಅಂತ ಆಸ್ಪತ್ರೆಯವರೇ ಬರೆದರೆ ಹೇಗೆ ಮೇಡಂ? ಮರ್ಯಾದೆ ಉಳಿಯುತ್ತದಾ?" ಅಂದೆ.

"ನಮಗೆ ಗೊತ್ತಿದೆಯಾ?" ಎಂದು ಕೇಳಿದರು ಡಾಕ್ಟರಮ್ಮ.

ಅಂದು ಊಟ ರುಚಿಸಲಿಲ್ಲ. ಹೆಂಡತಿ ಏನಾಯಿತೆಂದು ಕೇಳಿದಾಗ, 'ಕಾಗುಣಿತ ಬಾರದವರೆಲ್ಲ ಬರೆಯುವವರಾದರು' ಎಂದು ರೇಗಿದೆ. ಹೊಟ್ಟೆಕಿಚ್ಚು ಎಂಬ ಪದವನ್ನು ನಾನು ಎಷ್ಟೋ ಸಲ ಬರೆದಿದ್ದೆ. ಅದು ನಿಜಕ್ಕೂ ಹೊಟ್ಟೆಯಲ್ಲೇ ಇರುತ್ತದೆಂದು ತಿಳಿದದ್ದು ಅವತ್ತು.

ಮರುದಿನದಿಂದ ಅವರ ಹಾಳೆಯನ್ನು ಇಂಗ್ಲಿಷ್ ಮೂಲದ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಪ್ಪು ಹುಡುಕಲು ಕೂತೆ. ಪತ್ರ ಚೆನ್ನಾಗಲಿ ಎಂದಲ್ಲ. ಮೂರನೆಯ ದಿನ ಸಿಕ್ಕಿತು. ಅವರು ಬರೆದದ್ದು: "ಕಣ್ಣು ಹಳದಿ ಆದರೆ ಮಾತ್ರೆ ನಿಲ್ಲಿಸುತ್ತೇವೆ. ಸರಿಹೋಗುತ್ತದೆ." ಇಂಗ್ಲಿಷಿನಲ್ಲಿ, ಲಿವರ್ ಕೆಟ್ಟವರಲ್ಲಿ ಕೆಲವೊಮ್ಮೆ ಸಾವೂ ಆಗಿದೆ ಎಂದು ನೇರವಾಗಿತ್ತು. ಸಾವನ್ನೇ ಬಿಟ್ಟಿದ್ದಾರೆ! ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತೆ. ಆ ಸಂತೋಷವನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಒಡನೆ ಡಾಕ್ಟರಮ್ಮನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಸಮಿತಿಯ ಮುಂದೆಯೇ ಸಿಕ್ಕಿಬೀಳಲಿ, ಬೆಂಗಳೂರಿನವರೇ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಳಿಸಲಿ, ಆಗ 'ಬರೆಯೋದು ಅಂದ್ರೆ ಹೀಗೆ' ಎಂದವರಿಗೂ ಗೊತ್ತಾಗಲಿ ಎಂದು ಕಾದೆ. ಅಷ್ಟರಲ್ಲಿ ಡಾಕ್ಟರಮ್ಮ, "ನೀವೂ ಕಲ್ಯಾಣದುರ್ಗಕ್ಕೆ ಹೋಗಿ. ಇಬ್ಬರೂ ಕೂತು ಅಲ್ಲಿಯ ಜನಕ್ಕೆ ಓದಿ ನೋಡಿ" ಎಂದರು.

ಪಾವಗಡದ ಮೇಲೆ ಬಸ್ಸಿನಲ್ಲಿ ಹೋದೆ. ಮಡಿಲಲ್ಲಿ ಎರಡೂ ಹಾಳೆ, ಇಂಗ್ಲಿಷ್ ಮೂಲ. ಕಿಟಕಿಯಾಚೆ ಕಡಲೆಕಾಯಿ ಕಿತ್ತ ಹೊಲಗಳು, ಬಂಡೆಗುಡ್ಡಗಳು. ಗಡಿ ದಾಟಿ ಮತ್ತೆ ಗಡಿ ದಾಟುವಷ್ಟರಲ್ಲಿ ಕಂಡಕ್ಟರನ ಮಾತು ತೆಲುಗಿಂದ ಕನ್ನಡಕ್ಕೆ, ಕನ್ನಡದಿಂದ ತೆಲುಗಿಗೆ ತಿರುಗುತ್ತಿತ್ತು. ಏನು ಮಾಡಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿ, ಅಲ್ಲಿಯೂ ಬಾಯಿ ಬಿಡಬಾರದು ಎಂದು ತೀರ್ಮಾನಿಸಿದೆ.

ಕ್ಲಿನಿಕ್ ಎಂದರೆ ಎರಡು ಕೋಣೆ, ಮುಂದೊಂದು ಬೇವಿನ ಮರ. ಸಿಸ್ಟರಮ್ಮನಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚಿದ್ದೀತು. ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ತುರುಬು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ಬನ್ನಿ ಸಾರ್, ನೀವು ಬತ್ತೀರ ಅಂತ ಕಾಯ್ತಾ ಇದ್ದೆ. ನಿಮ್ಮ ಕನ್ನಡ ನೋಡಿ ಹೆದ್ರಿಬಿಟ್ಟಿದ್ದೆ. ನಾನು ಬರ್ದಿದ್ರಲ್ಲಿ ತಪ್ಪೈತೇನೋ ನೀವೇ ನೋಡ್ಬೇಕು" ಎಂದರು. ನಾಟಕ ಮಾಡುತ್ತಿದ್ದಾರೆಂದು ನನಗೆ ಅನಿಸಿತು. "ಪರವಾಗಿಲ್ಲ, ಚೆನ್ನಾಗಿದೆ" ಎಂದೆ.

ಅವರು ಸೆಟ್ಟೂರು ಕಡೆಯ ಒಬ್ಬ ಹೆಂಗಸನ್ನು ಕರೆಸಿದ್ದರು. ಐವತ್ತು ದಾಟಿದವಳು, ಕುರಿ ಕಾಯುವ ಮನೆಯವಳು. ಅವಳಿಗೂ ಕ್ಷಯವಾಗಿತ್ತು, ಹಿಂದಿನ ವರ್ಷವೇ ಆರು ತಿಂಗಳ ಮಾತ್ರೆ ಮುಗಿಸಿ ಗುಣವಾಗಿದ್ದಳು. "ಅಮ್ಮ, ನಿನ್ನ ಯಾವುದಕ್ಕೂ ಸೇರಿಸ್ಕೊಳ್ಳಲ್ಲ" ಎಂದು ಸಿಸ್ಟರಮ್ಮ ಮೊದಲೇ ಹೇಳಿದರು. "ಈ ಕಾಗದ ಜನಕ್ಕೆ ಅರ್ಥ ಆಯ್ತದಾ ಅಂತ ನೋಡ್ಬೇಕು. ನಿನಗೆ ತಿಳೀದಿದ್ರೆ ತಪ್ಪು ನಮ್ದು, ನಿಂದಲ್ಲ."

ಈ ಕೊನೆಯ ಮಾತು ನನಗೆ ಹೊಳೆದಿರಲಿಲ್ಲ. ನಮ್ಮ ಬೀದಿಯ ಹಿರಿಯರನ್ನು ನಾನು ಪರೀಕ್ಷೆ ಬರೆಯಲು ಕೂರಿಸಿದಂತೆ ಕೂರಿಸಿದ್ದೆ. ಅದಕ್ಕೂ ಉರಿಯಿತು.

ಸಿಸ್ಟರಮ್ಮ ನಿಧಾನವಾಗಿ ಓದಿದರು. ನಡುವೆ ಅವಳ ಮುಖ ನೋಡಿ ನಿಲ್ಲಿಸಿ, ಇನ್ನೊಂದು ಸಲ ಓದಿದರು. ಆಮೇಲೆ, "ಏನು ತಿಳೀತು, ನಿನ್ನ ಮಾತಲ್ಲೇ ಹೇಳಮ್ಮ" ಎಂದರು.

ಅವಳು ಬೆರಳು ಮಡಿಸುತ್ತಾ ಹೇಳಿದಳು. "ಉಚ್ಚೆ ಕೆಂಪಗೆ ಹೋಯ್ತದೆ, ಅದಕ್ಕೆ ಹೆದ್ರಬಾರ್ದು. ಈಲಿ ಕೆಟ್ರೆ ಕಾಮಾಲೆ ಆಯ್ತದೆ. ಮಾತ್ರೆ ನಿಲ್ಸ್ತಾರೆ. ವಾಸಿ ಆಯ್ತದೆ. ನಾಕು ತಿಂಗ್ಳು ಸಾಕೋ ಇನ್ನೂ ಬೇಕೋ ಅವ್ರಿಗೇ ಗೊತ್ತಿಲ್ಲ, ನೋಡ್ತಾರಂತೆ."

ಹಾಳೆಯಲ್ಲಿ ಇದ್ದದ್ದನ್ನೆಲ್ಲ ಅವಳು ಹೇಳಿಬಿಟ್ಟಿದ್ದಳು. ಎರಡು ವಾರ ಕೂತು ನಾನು ಬರೆದದ್ದು ಎಂ.ಎ. ಓದಿದವರಿಗೇ ತಿಳಿಯುವಂಥದ್ದು. ಇವರದ್ದು ಕುರಿ ಕಾಯುವವಳ ಬಾಯಲ್ಲಿ ಹಾಗೇ ತಿರುಗಿ ಬಂತು. ಆ ಕ್ಷಣ ಸಿಸ್ಟರಮ್ಮನ ಮೇಲೆ ಇದ್ದಷ್ಟು ಅಸೂಯೆ ನನಗೆ ಮತ್ತಾರ ಮೇಲೂ ಆದದ್ದಿಲ್ಲ. ಕಾಮಾಲೆಯ ಸಾಲಿನ ಬಗ್ಗೆ ನಾನು ತುಟಿ ಬಿಚ್ಚಲಿಲ್ಲ.

ಆದರೆ ಅವಳು ಏಳಲಿಲ್ಲ. "ಸಿಸ್ಟರಮ್ಮ, ಒಂದ್ ಮಾತು ಕೇಳ್ಲಾ?" ಅಂದಳು. "ನನ್ನ ತಮ್ಮ ಪಚ್ಚ ಕಾಮೆರ್ಲಲ್ಲೇ, ಅದೇ ಕಾಮಾಲೇಲೇ, ಹೋದ. ಹಳದಿ ಆದ ಹದ್ನೈದು ದಿನಕ್ಕೇ. ಇದ್ರಾಗೆ ಬರೋ ಕಾಮಾಲೆ ಬೇರೆನಾ? ಇದ್ರಲ್ಲಿ ಯಾರೂ ಸಾಯಲ್ವಾ?"

ಸಿಸ್ಟರಮ್ಮ ನನ್ನ ಕಡೆ ತಿರುಗಿದರು. "ಸಾರ್, ಇಂಗ್ಲೀಷ್ ಕಾಗದದಲ್ಲಿ ಇದಕ್ಕೆ ಏನಂತ ಐತೆ?"

ಕೋಣೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಏನು ಹೇಳಿದರೂ ಅವರು ನಂಬಬೇಕು. ಹೆಂಗಸು ನನ್ನನ್ನೇ ನೋಡುತ್ತಿದ್ದಳು.

"ಸಾವು ಅಂತಲೇ ಇದೆ" ಎಂದೆ. "ಕೆಲವೊಮ್ಮೆ ಸತ್ತದ್ದೂ ಇದೆ ಅಂತ."

ಸಿಸ್ಟರಮ್ಮ ತಮ್ಮ ಹಾಳೆ ನೋಡಿದರು. ಆಮೇಲೆ ಪೆಟ್ಟಿಗೆಯಿಂದ ನನ್ನ ಹಾಳೆ ತೆಗೆದರು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದರು. "ನಿಮ್ಮದ್ರಲ್ಲಿ ಸಾವು ಇರ್ಲಿಲ್ವಲ್ಲ ಸಾರ್. ಇಲ್ನೋಡಿ, 'ವಿಷಮಿಸಬಹುದು' ಅಂತ ಐತೆ. ನಾನು, ಕಾಯಿಲೆ ಜಾಸ್ತಿ ಆಯ್ತದೆ, ಮಾತ್ರೆ ನಿಲ್ಸಿದ್ರೆ ಸರಿ ಹೋಯ್ತದೆ ಅಂದ್ಕೊಂಡೆ. ನಾನು ನೋಡಿದ್ದು ನಿಮ್ಮ ಕನ್ನಡಾನೇ. ನನಗೆ ಇಂಗ್ಲೀಷ್ ಎಲ್ಲಿ ಬತ್ತದೆ?"

ಅವರ ದನಿಯಲ್ಲಿ ಆಪಾದನೆ ಇರಲಿಲ್ಲ. ಕೋಪದಿಂದ ಹೇಳಿದ್ದರೆ ಜಗಳಕ್ಕಾದರೂ ಆಗುತ್ತಿತ್ತು. ಮೂರು ದಿನ ಹುಡುಕಿ ಅವರ ಹಾಳೆಯಲ್ಲಿ ನಾನು ಕಂಡುಹಿಡಿದ ತಪ್ಪು ನನ್ನದೇ ಹಾಳೆಯಿಂದ ಹೋದದ್ದು. ಸಾವು ಎಂಬ ಪದ ಒಪ್ಪಿಗೆ ಪತ್ರದಲ್ಲಿ ಒರಟಾಗಿ ಕಾಣುತ್ತದೆ, ಜನ ಬೆಚ್ಚಿಬೀಳುತ್ತಾರೆ ಎಂದು 'ವಿಷಮಿಸಬಹುದು' ಹಾಕಿದ್ದೆ. ಬೆಚ್ಚಿಬೀಳುವ ಹಕ್ಕು ಅವರದ್ದು ಎಂದು ಯೋಚಿಸಿರಲಿಲ್ಲ.

"ತಪ್ಪು ನನ್ನದು" ಎಂದೆ. ತೆಲುಗಿನಲ್ಲಿ ಹೇಳಿದೆ. ಕನ್ನಡದಲ್ಲಿ ಬಾಯಿಗೆ ಬರಲಿಲ್ಲ.

"ಆಯ್ತು ಬಿಡಿ. ಈಗ್ಲೇ ಸರಿ ಮಾಡಾನ" ಎಂದು ಅವರು ಪೆನ್ಸಿಲ್ ತೆಗೆದರು. ಹೆಂಗಸಿಗೆ ಚಹಾ ತರಿಸಿ, "ಇನ್ನೊಂದು ಗಳಿಗೆ ಕೂತ್ಕೋ ಕಣಮ್ಮ, ನಿನ್ನಿಂದಾನೇ ಸರಿ ಆಗ್ಬೇಕು ಇದು" ಎಂದರು.

ಮಧ್ಯಾಹ್ನವೆಲ್ಲ ಕೂತೆವು. ನಾನು ಇಂಗ್ಲಿಷ್ ಸಾಲು ಓದಿ, ಅದರಲ್ಲಿ ಇರುವುದನ್ನೆಲ್ಲ ಬಿಡಿಸಿ ಹೇಳುವುದು. ಅವರು ಬರೆಯುವುದು. ಅವಳು ಕೇಳಿ ತಿರುಗಿ ಹೇಳುವುದು. ಸಾವಿನ ಮಾತು ಸೇರಿತು. ಆದರೆ ಸಿಸ್ಟರಮ್ಮ ಮೊದಲು "ಹೆಚ್ಚಿನವರಿಗೆ ವಾಸಿಯಾಗುತ್ತದೆ" ಎಂದು ಬರೆದು, ಕೊನೆಗೆ ಸಾವನ್ನು ಹಾಕಿದಾಗ, ಅವಳು ವಾಸಿಯಾಗುವುದನ್ನಷ್ಟೇ ತಿರುಗಿ ಹೇಳಿದಳು. ಹಿಂದುಮುಂದು ಮಾಡಿದಾಗ ಎರಡನ್ನೂ ಹೇಳಿದಳು. 'ಅಪರೂಪ' ಪೂರ್ತಿ ಹೋಯಿತು. ಅದರ ಜಾಗದಲ್ಲಿ ಮೂಲದಲ್ಲಿದ್ದ ಸಂಖ್ಯೆಯನ್ನೇ ಇಟ್ಟೆವು, ಇಷ್ಟು ಜನ ತಿಂದರೆ ಅವರಲ್ಲಿ ಇಷ್ಟು ಜನಕ್ಕೆ ಎಂದು. ಆ ಸಂಖ್ಯೆ ಈಗ ನೆನಪಿಲ್ಲ, ಊಹಿಸಿ ಬರೆಯಲಾರೆ.

ಇನ್ನೊಂದು ತೊಡಕನ್ನು ಅವಳೇ ಹಿಡಿದಳು. "ಉಚ್ಚೆ ಕೆಂಪಾದ್ರೆ ಹೆದ್ರಬೇಡ ಅಂತೀರ. ಕಾಮಾಲೇಲೂ ಉಚ್ಚೆ ಬಣ್ಣ ತಿರುಗ್ತದಲ್ಲಮ್ಮ. ಯಾವುದು ಯಾವುದು ಅಂತ ನಾನೆಂಗೆ ತಿಳೀಲಿ?"

ಸಿಸ್ಟರಮ್ಮ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇದು ಇಬ್ಬರಿಗೂ ಹೊಳೆದಿರಲಿಲ್ಲ. ನನಗೆ ಸ್ವಲ್ಪ ಸಮಾಧಾನವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಕೊನೆಗೆ, ಆ ಸಂಖ್ಯೆಯ ಸಾಲೊಂದನ್ನು ಬಿಟ್ಟರೆ, ಪ್ಯಾರಾ ಹೀಗೆ ನಿಂತಿತು:

"ಈ ಮಾತ್ರೆಗಳಿಂದ ಕೆಲವರ ಲಿವರ್ ಕೆಡುತ್ತದೆ. ಹಾಗೆ ಕೆಟ್ಟವರಲ್ಲಿ ಕೆಲವರು ಸತ್ತಿದ್ದಾರೆ. ಬೇಗ ತಿಳಿದು ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ, ಎಲ್ಲರಿಗೂ ಆಗುತ್ತದೆಂದು ಹೇಳಲಾಗುವುದಿಲ್ಲ. ಯಾರಿಗೆ ಹೀಗಾಗುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ. ಮಾತ್ರೆಯ ಬಣ್ಣದಿಂದ ಉಚ್ಚೆ ಕೆಂಪಗೆ ಹೋಗುತ್ತದೆ, ಆದ್ದರಿಂದ ಉಚ್ಚೆಯೊಂದನ್ನೇ ನೋಡಿ ಧೈರ್ಯವಾಗಿರಬೇಡಿ. ಊಟ ಸೇರದಿದ್ದರೆ, ವಾಂತಿಯಾದರೆ, ಕಣ್ಣು ಹಳದಿಯಾದರೆ, ಮುಂದಿನ ಮಾತ್ರೆ ನುಂಗದೆ ಅದೇ ದಿನ ಬನ್ನಿ. ಹೊಸ ಮಾತ್ರೆಯಿಂದ ನಮಗೆ ಇನ್ನೂ ಗೊತ್ತಿಲ್ಲದ ತೊಂದರೆಯೂ ಆಗಬಹುದು. ನಾಲ್ಕು ತಿಂಗಳಿಗೆ ನಿಲ್ಲಿಸಿದವರಿಗೆ ರೋಗ ಮತ್ತೆ ಬರಬಹುದು. ಬರುತ್ತದೋ ಇಲ್ಲವೋ ನಮಗೆ ಗೊತ್ತಿಲ್ಲ."

ಹೆಂಗಸು ಪೂರ್ತಿ ಕೇಳಿ, ಒಂದೂ ಬಿಡದೆ ತಿರುಗಿ ಹೇಳಿದಳು. "ಈಗ ಸರಿ ಐತೆ" ಅಂದಳು. "ಹಿಂಗೆ ಹೇಳಿದ್ರೆ ಸೇರೋನು ಸೇರ್ತಾನೆ, ಬ್ಯಾಡ ಅನ್ನೋನು ಮನೆಗೆ ಹೋಯ್ತಾನೆ."

ಸೇರದವರಿಗೂ ಎಂದಿನ ಆರು ತಿಂಗಳ ಔಷಧಿ ಎಂದಿನಂತೆಯೇ ಸಿಗುತ್ತದೆ ಎಂಬ ಸಾಲನ್ನು ಸಿಸ್ಟರಮ್ಮ ಅವಳಿಗೆ ಓದಿ ತೋರಿಸಿದರು.

ಹಿಂದೂಪುರಕ್ಕೆ ಬಂದ ಮೇಲೆ ಆ ಪ್ಯಾರಾವನ್ನು ನನ್ನ ಅಂದದ ಅಕ್ಷರದಲ್ಲಿ ನಕಲು ಮಾಡಿ ಡಾಕ್ಟರಮ್ಮನಿಗೆ ಕೊಟ್ಟೆ. ಅವರು ಎರಡು ಸಲ ಓದಿದರು. "'ಉಚ್ಚೆಯೊಂದನ್ನೇ ನೋಡಿ ಧೈರ್ಯವಾಗಿರಬೇಡಿ.' ಇದು ಯಾರಿಗೆ ಹೊಳೀತು?" ಎಂದು ಕೇಳಿದರು.

"ಕೂತು ಮಾಡಿದೆವು ಮೇಡಂ" ಎಂದೆ. ಸಾವನ್ನು ಮೊದಲು ಬಿಟ್ಟವನು ನಾನು, ಅದನ್ನು ಎತ್ತಿ ತೋರಿಸಿದವರು ಅವರಿಬ್ಬರು ಎಂದು ಹೇಳಲಿಲ್ಲ. "ಶಹಬ್ಬಾಸ್" ಎಂದರು ಡಾಕ್ಟರಮ್ಮ. ಆ ಶಹಬ್ಬಾಸ್‌ಗಿರಿಯನ್ನು ಪೂರ್ತಿ ಜೇಬಿಗೆ ಹಾಕಿಕೊಂಡೆ. ಮರಳಿ ಇಂಗ್ಲಿಷಿಗೆ ತಂದಾಗ ಏನೂ ಬಿಟ್ಟುಹೋಗಿರಲಿಲ್ಲ. ಸಮಿತಿ ಒಪ್ಪಿತು.

ಪ್ರಯೋಗ ಶುರುವಾಗಿ ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಪರಿಗಿ ಕಡೆಯ ಒಬ್ಬ ರೈತ ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿದ್ದ. ನಾನೇ ಬಾಗಿಲು ತೆಗೆದೆ. ಅವನು ಕಣ್ಣಿನ ರೆಪ್ಪೆಯನ್ನು ಬೆರಳಿಂದ ಕೆಳಗೆಳೆದು ತೋರಿಸಿದ. ಬಿಳಿಭಾಗ ತಿಳಿ ಹಳದಿಯಾಗಿತ್ತು.

"ಮೂರು ದಿನದಿಂದ ಅನ್ನ ಸೇರ್ತಿಲ್ಲ ಸಾರ್. ಉಚ್ಚೆ ಕೆಂಪೈತೆ ಅಂತ ಸುಮ್ನಿದ್ದೆ. ಆಮ್ಯಾಲೆ ನೀವು ಓದಿದ್ದು ನೆನಪಾಯ್ತು, ಅದೊಂದ್ನೇ ನೋಡಿ ಧೈರ್ಯವಾಗಿರಬೇಡ ಅಂತ. ಕನ್ನಡೀಲಿ ಕಣ್ಣು ನೋಡ್ಕಂಡೆ. ಇವತ್ತಿನ ಮಾತ್ರೆ ನುಂಗ್ಲಿಲ್ಲ, ಬಂದ್ಬುಟ್ಟೆ."

ಡಾಕ್ಟರಮ್ಮ ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಮಾತ್ರೆ ನಿಲ್ಲಿಸಿ, ಅವನನ್ನು ವಾರ್ಡಿಗೆ ಸೇರಿಸಿಕೊಂಡರು. ಪ್ರಯೋಗದ ನಿಯಮದಂತೆ ಸಮಿತಿಗೂ ಬರೆದರು. ಕೆಲವು ವಾರಗಳಲ್ಲಿ ಕಣ್ಣು ತಿಳಿಯಾಯಿತು. ಆಮೇಲೆ ಅವನ ಕ್ಷಯಕ್ಕೆ ಬೇರೆ ಔಷಧಿಗಳನ್ನು ಎಚ್ಚರಿಕೆಯಿಂದ, ಒಂದೊಂದಾಗಿ ಶುರುಮಾಡಿದರು. ಮನೆಗೆ ಹೋಗುವ ದಿನ ಅವನು ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ಬರ್ದ ಮಾತೇ ನನ್ನ ಉಳಿಸ್ತು ಸಾರ್" ಎಂದ. ಅವನ ಹೆಂಡತಿ ನನ್ನ ಕಾಲಿಗೆ ಬಗ್ಗಿದಳು.

ನಾನು ಹಿಂದಕ್ಕೆ ಸರಿದೆ. ಆ ಮಾತು ಬರೆದವರು ನೂರು ಕಿಲೋಮೀಟರ್ ಆಚೆ, ಎರಡು ಕೋಣೆಯ ಕ್ಲಿನಿಕ್ಕಿನಲ್ಲಿ ಯಾರಿಗೋ ಇಂಜೆಕ್ಷನ್ ಕೊಡುತ್ತಿದ್ದಿರಬೇಕು. ಈ ಧನ್ಯವಾದ ಅವರಿಗೆ ಹೋಗಬೇಕಾದದ್ದು ಎಂದು ಮೊದಲ ಸಲ ಅಸೂಯೆಯಿಲ್ಲದೆ ಅನಿಸಿತು ಎಂದು ಬರೆಯುವ ಆಸೆಯೇನೋ ಇದೆ. ನಿಜ ಹೇಳಬೇಕೆಂದರೆ ಅಸೂಯೆ ಇನ್ನೂ ಹೆಚ್ಚಿತು. ಒಬ್ಬ ಮನುಷ್ಯನ ಜೀವ ಉಳಿಸುವ ಸಾಲು, ಅದು ನನ್ನದಾಗಬೇಕಿತ್ತು. ಆದರೆ ಆಗದ್ದನ್ನು ನನ್ನದೆಂದು ಇಟ್ಟುಕೊಳ್ಳುವುದು ಇನ್ನು ಸಾಧ್ಯವಿರಲಿಲ್ಲ.

ಡಾಕ್ಟರಮ್ಮನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. 'ವಿಷಮಿಸಬಹುದು' ಎಂದು ಬರೆದದ್ದು, ತಪ್ಪು ಕಂಡೂ ಸುಮ್ಮನಿದ್ದದ್ದು, ಉಚ್ಚೆಯ ಪ್ರಶ್ನೆ ಕೇಳಿದವಳು ಕುರಿ ಕಾಯುವ ಹೆಂಗಸು, ಅದನ್ನು ವಾಕ್ಯ ಮಾಡಿದವರು ಸಿಸ್ಟರಮ್ಮ ಎಂದು.

ಅವರು ಓದುತ್ತಿದ್ದ ಕಾಗದವನ್ನು ಪಕ್ಕಕ್ಕೆ ಸರಿಸಿದರು. "ಬಿಟ್ಟದ್ದಕ್ಕಿಂತ, ಕಂಡೂ ಸುಮ್ಮನಿದ್ದಿರಲ್ಲ, ಅದಕ್ಕೆ ನನಗೆ ಕೋಪ" ಎಂದರು. "ಆ ಹೆಂಗಸು ಕೇಳದೇ ಹೋಗಿದ್ದರೆ, ಸಮಿತಿಯವರ ಕಣ್ಣಿಗೂ ಬೀಳದೇ ಹೋಗಿದ್ದರೆ?" ಉತ್ತರಕ್ಕೆ ಕಾಯಲಿಲ್ಲ. "ನನಗೆ ಹೇಳಿದ್ದು ಆಯ್ತು. ಈಗ ಅವರಿಗೆ ಬರೀರಿ."

ಬರೆದೆ. ಪರಿಗಿಯ ರೈತನ ಕಥೆ ಬರೆದೆ, ನನ್ನ ಮೌನದ ಕಥೆಯನ್ನೂ ಬರೆದೆ. ಅದುವರೆಗಿನ ನನ್ನ ಬರಹದಲ್ಲಿ ಅಷ್ಟು ಸಣ್ಣ ವಾಕ್ಯಗಳು ಇರಲಿಲ್ಲ. ಹತ್ತು ದಿನಕ್ಕೆ ಒಂದು ಕಾರ್ಡ್ ಬಂತು. ಅದೇ ಒತ್ತಕ್ಷರ ತಪ್ಪಿದ ಬರಹ. "ಆ ಯಪ್ಪ ಉಳಿದದ್ದು ತಿಳಿದು ಸಂತೋಸವಾಯಿತು, ಸೆಟ್ಟೂರಿನ ಆ ಅಮ್ಮನಿಗೂ ಹೇಳಿದೆ. ನೀವು ಸುಮ್ಮನಿದ್ದದ್ದು ನನಗೆ ಅವತ್ತೇ ಗೊತ್ತಾಗಿತ್ತು ಸಾರ್, ನಿಮ್ಮ ಮುಖ ಸುಳ್ಳು ಹೇಳುವುದಿಲ್ಲ. ಅದು ಇರಲಿ. ಪತ್ರದ ಎರಡನೆ ಪುಟದಲ್ಲಿ 'ಸ್ವಇಚ್ಛೆಯಿಂದ ಹಿಂದೆ ಸರಿಯಬಹುದು' ಎಂದು ನೀವು ಬರೆದದ್ದು ಇಲ್ಲಿ ಯಾರಿಗೂ ತಿಳಿಯುತ್ತಿಲ್ಲ. ಯಾವಾಗ ಬೇಕಾದರೂ ಬಿಡಬಹುದು ಎಂದು ಹಾಕಲು ಸಮಿತಿಯನ್ನು ಕೇಳುತ್ತೀರಾ?"

ಓದಿ ಮತ್ತೆ ಉರಿಯಿತು. ಒಂದು ದಿನ ಕಾರ್ಡನ್ನು ಮೇಜಿನ ಖಾನೆಯಲ್ಲಿ ಇಟ್ಟಿದ್ದೆ. ಮರುದಿನ ಸಮಿತಿಗೆ ಪತ್ರ ಬರೆದು, ಈ ಬದಲಾವಣೆಯನ್ನು ಸೂಚಿಸಿದವರು ಕಲ್ಯಾಣದುರ್ಗದ ನರ್ಸ್ ಎಂದು ಮೊದಲ ಸಾಲಿನಲ್ಲೇ ನಮೂದಿಸಿ, ಅಂಚೆಗೆ ಹಾಕಿದೆ.